ಶಿಶು ಲಸಿಕಾ ವೇಳಾಪಟ್ಟಿ: ತಡವಾದ ಡೋಸ್ ಮತ್ತು ತಾಯಿ ಕಾರ್ಡ್

ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1985ರಲ್ಲಿ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗೆ ಹೆಪಟೈಟಿಸ್-ಬಿ. ಆಮೇಲೆ 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ, ಹಿಬ್ ಸೋಂಕು, ಈ ಐದಕ್ಕೂ ಇದೊಂದೇ ಚುಚ್ಚುಮದ್ದು. ದಡಾರ-ರುಬೆಲ್ಲಾ ಲಸಿಕೆ ಮಾತ್ರ 9 ತಿಂಗಳು ತುಂಬುವವರೆಗೆ ಕಾಯುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ಅದಕ್ಕೂ ಮುಂಚೆ ಲಸಿಕೆಯ ಪರಿಣಾಮವನ್ನು ಕುಗ್ಗಿಸುತ್ತವೆ.

ಹೆಚ್ಚು ಜನ ಎಡವುವುದು ಡೋಸ್‌ಗಳ ಅಂತರದ ಲೆಕ್ಕದಲ್ಲಿ. 2025ರ ಜನವರಿ 1ರಂದು ಹುಟ್ಟಿದ ಮಗುವಿಗೆ ಪೆಂಟಾದ ಮೊದಲ ಡೋಸ್ ಫೆಬ್ರವರಿ 12ಕ್ಕೆ, ಎರಡನೆಯದು ಮಾರ್ಚ್ 12ಕ್ಕೆ. ಜ್ವರ, ಊರಿನ ಪ್ರಯಾಣ ಅಂತ ಎರಡನೆಯದು ಏಪ್ರಿಲ್ 2ಕ್ಕೆ ಹೋಯಿತು ಎನ್ನಿ. ಮೊದಲಿನಿಂದ ಶುರುಮಾಡಬೇಕಿಲ್ಲ, ಹಾಕಿಸಿದ ಡೋಸ್ ಲೆಕ್ಕಕ್ಕೆ ಇದ್ದೇ ಇರುತ್ತದೆ. ಆದರೆ ಎರಡು ಡೋಸ್‌ಗಳ ನಡುವೆ ಕನಿಷ್ಠ 4 ವಾರ ಬೇಕು, ಹಾಗಾಗಿ ಮೂರನೆಯದು ಏಪ್ರಿಲ್ 30ಕ್ಕಿಂತ ಮುಂಚೆ ಇಲ್ಲ.

ಈ ಲೆಕ್ಕಕ್ಕೆ ಆಧಾರ ತಾಯಿ ಕಾರ್ಡಿನಲ್ಲಿ ಬರೆದ ದಿನಾಂಕ. ಲಸಿಕೆ ಹಾಕಿದ ಕೂಡಲೇ ಆ ಚೌಕದಲ್ಲಿ ದಿನಾಂಕ ಬಿತ್ತೇ ಎಂದು ಅಲ್ಲೇ ನೋಡಿಕೊಳ್ಳಬೇಕು. ಮುಂದೆಯೂ ಬರೆಯಬೇಕಾದ್ದರಿಂದ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಬಾರದು; ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪ್ರತಿ ಸಲವೂ ಮೊಬೈಲಿನಲ್ಲಿ ಫೋಟೊ ತೆಗೆದಿಡುವುದು ಒಳ್ಳೆಯದು. ಕಳೆದುಹೋದರೆ ಲಸಿಕೆ ಹಾಕಿದ ಆರೋಗ್ಯ ಕೇಂದ್ರದ ರಿಜಿಸ್ಟರಿನಿಂದ, ಅಥವಾ ಯು-ವಿನ್‌ನಲ್ಲಿ ನೋಂದಣಿಯಾಗಿದ್ದರೆ ಅಲ್ಲಿಂದ, ದಿನಾಂಕಗಳನ್ನು ಹೊಸ ಕಾರ್ಡಿಗೆ ಬರೆಸಿಕೊಳ್ಳಬಹುದು.