ವಿದೇಶಿ ತಂತ್ರಾಂಶದ ಚಂದಾ: ತೆರಿಗೆ ಕಟ್ಟಬೇಕಾದವರು ಯಾರು?

ಇಂಡಿಯಲ್ಲಿ ಲಿಂಬೆ ಉಪ್ಪಿನಕಾಯಿ ತಯಾರಿಸುವ, ಜಿ.ಎಸ್.ಟಿ. ನೋಂದಣಿ ಇರುವ ಒಂದು ಸಣ್ಣ ಘಟಕವನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಬಾಟಲಿಗೆ ಅಂಟಿಸುವ ಚೀಟಿಯ ವಿನ್ಯಾಸಕ್ಕಾಗಿ ಮಾಲೀಕರ ಮಗ ಒಂದು ವಿದೇಶಿ ತಂತ್ರಾಂಶಕ್ಕೆ ತಿಂಗಳಿಗೆ 40 ಡಾಲರ್ ಚಂದಾ ಕಟ್ಟುತ್ತಾನೆ. ಹಣವು ಕಾರ್ಡಿನಿಂದ ತಾನಾಗಿಯೇ ಕಡಿತವಾಗುತ್ತದೆ. ಬೀಜಕವು ಆತನ ಇ-ಮೇಲಿಗೆ ಬಂದು ಅಲ್ಲಿಯೇ ಉಳಿಯುತ್ತದೆ. ವರ್ಷದ ಕೊನೆಗೆ ಲೆಕ್ಕಿಗರು ಮೊತ್ತವನ್ನು ‘ಕಚೇರಿ ವೆಚ್ಚ’ಕ್ಕೆ ಹಾಕಿ ಮುಗಿಸುತ್ತಾರೆ. ತೊಡಕು ಇರುವುದು ಇಲ್ಲಿಯೇ.

ಮಾರಾಟಗಾರನು ಭಾರತದ ಹೊರಗಿದ್ದು, ಸೇವೆ ಪಡೆದವರು ಇಲ್ಲಿ ನೋಂದಾಯಿತ ವರ್ತಕರಾಗಿದ್ದರೆ ಅದು ಸೇವೆಯ ಆಮದು. 2017ರ ಜೂನ್ 28ರ ಅಧಿಸೂಚನೆಯಂತೆ ಇದರ ಮೇಲಿನ ಸಮಗ್ರ ತೆರಿಗೆಯನ್ನು (ಐ.ಜಿ.ಎಸ್.ಟಿ.) ಮಾರಿದವರಲ್ಲ, ಕೊಂಡವರು ಕಟ್ಟಬೇಕು. ಇದೇ ರಿವರ್ಸ್ ಚಾರ್ಜ್, ಅಂದರೆ ಹಿಮ್ಮುಖ ತೆರಿಗೆ. ತಂತ್ರಾಂಶ ಸೇವೆಗೆ ದರ ಶೇ. 18. ಮೊತ್ತ ಎಷ್ಟೇ ಚಿಕ್ಕದಿರಲಿ, ವಿನಾಯಿತಿ ಇಲ್ಲ.

ತಂತ್ರಾಂಶದ ಹೆಸರು ವಿದೇಶಿಯಾದ ಮಾತ್ರಕ್ಕೆ ಹೀಗಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಹಲವು ವಿದೇಶಿ ಕಂಪನಿಗಳು ತಮ್ಮ ಭಾರತೀಯ ಅಂಗಸಂಸ್ಥೆಯ ಮೂಲಕ ಬೀಜಕ ಕೊಡುತ್ತವೆ. ಅದರಲ್ಲಿ ಮಾರಾಟಗಾರರ ಭಾರತದ ವಿಳಾಸ ಹಾಗೂ ಜಿ.ಎಸ್.ಟಿ. ಸಂಖ್ಯೆ ಇದ್ದು ತೆರಿಗೆ ಹಾಕಿದ್ದರೆ, ಅದು ಊರಿನ ಅಂಗಡಿಯ ಖರೀದಿಯಂತೆಯೇ. ಆದ್ದರಿಂದ ಮೊದಲು ಓದಬೇಕಾದದ್ದು ಬೀಜಕದ ತಲೆಬರಹವನ್ನು.

ಇದು ತಪ್ಪಿಹೋಗಲು ಕಾರಣ ಸರಳವಾಗಿದೆ. ನಮ್ಮ ಲೆಕ್ಕಿಗರು ತಿಂಗಳ ಖರೀದಿಯನ್ನು GSTR-2B ನೋಡಿ ಹೊಂದಿಸುತ್ತಾರೆ. ವಿದೇಶಿ ಮಾರಾಟಗಾರನ ಈ ಬೀಜಕವು ಅದರಲ್ಲಿ ಬರುವುದೇ ಇಲ್ಲ. ಬ್ಯಾಂಕಿನ ಪಟ್ಟಿಯಲ್ಲಿ ಕಾಣುವ ಚಿಕ್ಕ ಜಿ.ಎಸ್.ಟಿ. ಮೊತ್ತವನ್ನು ಕಂಡು ‘ತೆರಿಗೆ ಕಟ್ಟಿಯಾಗಿದೆ’ ಎಂದು ಭಾವಿಸುವವರೂ ಉಂಟು. ಅದು ಹಣ ವಿನಿಮಯಕ್ಕೆ ಬ್ಯಾಂಕು ಪಡೆದ ಶುಲ್ಕದ ಮೇಲಿನ ತೆರಿಗೆಯೇ ಹೊರತು ತಂತ್ರಾಂಶದ್ದಲ್ಲ.

ಈಗ ಲೆಕ್ಕಕ್ಕೆ ಬರೋಣ. ಡಾಲರಿಗೆ 85 ರೂ. ಎಂದಿಟ್ಟುಕೊಂಡರೆ 40 ಡಾಲರಿಗೆ 3,400 ರೂ., ತೆರಿಗೆ 612 ರೂ. ಹಣ ಕಡಿತವಾದ ತಿಂಗಳಿನ ಲೆಕ್ಕಕ್ಕೆ ಇದು ಸೇರುತ್ತದೆ. ಘಟಕವು ತನ್ನ ಹೆಸರಿನಲ್ಲಿ ತಾನೇ ಒಂದು ಬೀಜಕ ಬರೆದಿಟ್ಟುಕೊಂಡು, GSTR-3Bಯ 3.1(d) ಅಂಕಣದಲ್ಲಿ ಈ ಮೊತ್ತವನ್ನು ತೋರಿಸಬೇಕು. ಜಮಾ ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದರೂ ಈ 612 ರೂ.ಗೆ ಅದನ್ನು ಬಳಸುವಂತಿಲ್ಲ. ನಗದು ಖಾತೆಯಿಂದಲೇ ಕಟ್ಟಬೇಕು. ಆ ಬಳಿಕ ಅದೇ 3Bಯ 4(A)(2) ಅಂಕಣದಲ್ಲಿ ಅಷ್ಟನ್ನೂ ಹೂಡುವಳಿ ತೆರಿಗೆಯಾಗಿ ಪಡೆದು ಉಪ್ಪಿನಕಾಯಿಯ ಮಾರಾಟ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಹೀಗೆ ಕೈಯಿಂದ ಹೋದದ್ದು ಕೈಗೇ ಬರುತ್ತದೆ.

ನಷ್ಟ ಆಗುವುದು ಬೇರೊಂದು ಕಡೆ. ಚಂದಾ ಪಡೆಯುವಾಗ ಜಿ.ಎಸ್.ಟಿ. ಸಂಖ್ಯೆ ಕೊಡದಿದ್ದರೆ ವಿದೇಶಿ ಕಂಪನಿಯು ಗ್ರಾಹಕನನ್ನು ನೋಂದಣಿ ಇಲ್ಲದವನೆಂದು ತಿಳಿದು ತಾನೇ ಶೇ. 18 ಸೇರಿಸಿ ವಸೂಲು ಮಾಡುತ್ತದೆ. ಆ 612 ರೂ.ಗೆ ಜಮೆ ಸಿಗದು. ಇತ್ತ ನೋಂದಾಯಿತ ಘಟಕದ ಹಿಮ್ಮುಖ ತೆರಿಗೆಯ ಹೊಣೆಯೂ ತೀರುವುದಿಲ್ಲ. ವರ್ಷಕ್ಕೆ 7,344 ರೂ. ವ್ಯರ್ಥ. ಮಗನ ಖಾತೆಯ ಬಿಲ್ಲಿಂಗ್ ವಿವರದಲ್ಲಿ ಘಟಕದ ಹೆಸರು ಮತ್ತು ಸಂಖ್ಯೆ ನಮೂದಿಸುವುದು ಐದು ನಿಮಿಷದ ಕೆಲಸ. ಈಗಾಗಲೇ ವಸೂಲಾದದ್ದನ್ನು ಕಂಪನಿಯಿಂದಲೇ ಮರಳಿ ಕೇಳಬೇಕಾಗುತ್ತದೆ.

ನೋಂದಣಿ ಇಲ್ಲದ ಸಣ್ಣ ವರ್ತಕರಿಗೆ ಮಾತ್ರ ಕ್ರಮ ತಿರುವುಮುರುವು. 2023ರ ಅಕ್ಟೋಬರ್ 1ರಿಂದ, ನೋಂದಣಿ ಇಲ್ಲದವರು ವ್ಯಾಪಾರಕ್ಕಾಗಿಯೇ ಕೊಂಡರೂ ಇಂಥ ಆನ್‌ಲೈನ್ ಸೇವೆಯ ತೆರಿಗೆಯನ್ನು ವಿದೇಶಿ ಕಂಪನಿಯೇ ವಸೂಲು ಮಾಡಿ ಕಟ್ಟಬೇಕು. ತಾಜಾ ಲಿಂಬೆಯನ್ನಷ್ಟೇ ಮಾರುವ, ನೋಂದಣಿ ಬೇಕಿಲ್ಲದ ವ್ಯಾಪಾರಿ ಈ ಗುಂಪಿನವರು. ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಯವರಿಗೆ ಎರಡೂ ಅನುಕೂಲಗಳಿಲ್ಲ: ಅವರು CMP-08 ಮೂಲಕ ಪೂರ್ತಿ ಶೇ. 18 ಕಟ್ಟಬೇಕು, ಜಮೆಯೂ ಇಲ್ಲ. ಅವರ ಪಾಲಿಗೆ 40 ಡಾಲರಿನ ಚಂದಾ ನಿಜವಾಗಿ 47 ಡಾಲರಿನದು.

ಆದಾಯ ತೆರಿಗೆಯ ಮೂಲದಲ್ಲಿ ಕಡಿತದ ಪ್ರಶ್ನೆ ಇದಕ್ಕಿಂತ ಬೇರೆ. ಮಾರಾಟಗಾರನ ದೇಶದೊಡನೆ ತೆರಿಗೆ ಒಪ್ಪಂದವಿದ್ದಾಗ, ತಂತ್ರಾಂಶವನ್ನು ಬಳಸಲು ಮಾತ್ರ ಕೊಡುವ ಹಣವು ರಾಯಧನವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2021ರ ಮಾರ್ಚ್ 2ರಂದು ತೀರ್ಪಿತ್ತಿದೆ. ಆ ತೀರ್ಪಿನಿಂದ ಜಿ.ಎಸ್.ಟಿ. ಹೊಣೆ ಕಡಿಮೆಯಾಗದು.

ಹಿಂದಿನ ತಿಂಗಳುಗಳನ್ನು ಬಿಟ್ಟಿರುವವರು ಕಾರ್ಡಿನ ಪಟ್ಟಿಯಲ್ಲಿ ವಿದೇಶಿ ನಾಣ್ಯದ ಪಾವತಿಗಳನ್ನು ಗುರುತಿಸಿ, ಪ್ರತಿಯೊಂದಕ್ಕೂ ಬೀಜಕ ಹುಡುಕಿ, ಮುಂದಿನ 3Bಯಲ್ಲಿ ಒಟ್ಟಾಗಿ ಕಟ್ಟಬಹುದು. ಸ್ವಂತ ಬೀಜಕ ಬರೆದ ವರ್ಷವೇ ಜಮೆಯ ಗಡುವಿಗೆ ಲೆಕ್ಕವೆಂದು 2024ರ ಜೂನ್ 26ರ ಸುತ್ತೋಲೆ ಹೇಳಿರುವುದರಿಂದ ಹಳೆಯ ಜಮೆ ತಪ್ಪುವುದಿಲ್ಲ. ತಡವಾದ ಅವಧಿಗೆ ವರ್ಷಕ್ಕೆ ಶೇ. 18ರ ಬಡ್ಡಿ ಮಾತ್ರ ತಪ್ಪದು, ದಂಡಕ್ಕೂ ಅವಕಾಶವಿದೆ. ಆ ಬಡ್ಡಿಗೆ ಜಮೆ ಇಲ್ಲ.