ಬ್ಯಾಂಕಿಗೆ ದೂರು: ಮ್ಯಾನೇಜರ್ ಆಚೆಗೂ ಒಬ್ಬ ಓದುಗರಿದ್ದಾರೆ

ಬ್ಯಾಂಕಿಗೆ ಬರೆಯುವ ದೂರುಗಳು ಎರಡು ರೀತಿಯಲ್ಲಿ ಕೆಡುತ್ತವೆ. ಕೆಲವರು ‘ಬಡವನಾದ ನನ್ನ ಮೇಲೆ ಕೃಪೆ ತೋರಿ’ ಎಂದು ಅರ್ಜಿ ಗುಜರಾಯಿಸುತ್ತಾರೆ. ಕೆಲವರು ‘ನೀವೆಲ್ಲ ಕಳ್ಳರು’ ಎಂದು ಶುರುಮಾಡುತ್ತಾರೆ. ಎರಡೂ ತಪ್ಪು ಅನ್ನುವುದಕ್ಕೆ ಸಭ್ಯತೆಗಿಂತ ಗಟ್ಟಿಯಾದ ಕಾರಣವಿದೆ. ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ಯೋಜನೆಯ ಪ್ರಕಾರ, ನಿಂದನೆಯಿಂದ ಕೂಡಿದ ದೂರು ವಿಚಾರಣೆಗೆ ಯೋಗ್ಯವಲ್ಲ. ಬರೀ ಸಲಹೆ ಕೊಡುವ ಅಥವಾ ವಿವರಣೆ ಕೇಳುವ ಪತ್ರವನ್ನೂ ಅದು ದೂರೆಂದು ಪರಿಗಣಿಸುವುದಿಲ್ಲ. ಲೋಪ ಏನು, ಅದಕ್ಕೆ ಪರಿಹಾರ ಏನು ಬೇಕು ಎಂಬ ಎರಡೂ ಪತ್ರದಲ್ಲಿರಬೇಕು. ಒಂಬುಡ್ಸ್‌ಮನ್ ಬಳಿಗೆ ಹೋಗುವ ಮೊದಲು ಬ್ಯಾಂಕಿಗೇ ಲಿಖಿತವಾಗಿ ದೂರಿರಬೇಕು ಎಂಬ ನಿಯಮವೂ ಇದೆ. ಅಂದರೆ ಶಾಖೆಗೆ ಕೊಟ್ಟ ಪತ್ರವೇ ಮುಂದೆ ದಾಖಲೆಯಾಗುತ್ತದೆ. ನಿಮ್ಮ ಪರಿಚಯವಾಗಲಿ ಮ್ಯಾನೇಜರ್ ಪರಿಚಯವಾಗಲಿ ಇಲ್ಲದ ಅಧಿಕಾರಿಯೊಬ್ಬರು ಅದನ್ನು ಓದುತ್ತಾರೆ. ಪತ್ರದ ಧಾಟಿಯನ್ನು ಆ ಓದುಗರನ್ನು ನೆನೆದೇ ನಿರ್ಧರಿಸಬೇಕು ಎಂಬುದು ನನ್ನ ವಾದ.

ಮಂಚೇನಹಳ್ಳಿಯ ಒಬ್ಬ ರೈತ ಜೂನ್ 3ರಂದು ಗೌರಿಬಿದನೂರಿನಲ್ಲಿ ಬೇರೊಂದು ಬ್ಯಾಂಕಿನ ಎಟಿಎಂಗೆ ಕಾರ್ಡ್ ಹಾಕಿದ ಎಂದಿಟ್ಟುಕೊಳ್ಳಿ. ನೋಟು ಬರಲಿಲ್ಲ, ಖಾತೆಯಿಂದ 10,000 ರೂಪಾಯಿ ಕಡಿತವಾಯಿತು. ಈ ದೂರು ಎಟಿಎಂ ಇಟ್ಟ ಬ್ಯಾಂಕಿಗಲ್ಲ, ಕಾರ್ಡ್ ಕೊಟ್ಟ ತನ್ನ ಬ್ಯಾಂಕಿಗೆ ಹೋಗಬೇಕು. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ ಇಂಥ ಹಣ ವ್ಯವಹಾರದ ದಿನದಿಂದ ಐದು ದಿನದೊಳಗೆ ಖಾತೆಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು, ಗ್ರಾಹಕ ಕೇಳದಿದ್ದರೂ, ಬ್ಯಾಂಕೇ ಜಮಾ ಮಾಡಬೇಕು. ಜೂನ್ 8ಕ್ಕೆ ಗಡುವು ಮುಗಿಯಿತು. ಜೂನ್ 20ರಂದು ಪತ್ರ ಬರೆದರೆ ತಡವಾದದ್ದು 12 ದಿನ, ಪರಿಹಾರ 1,200 ರೂಪಾಯಿ. ಆಗ ಪತ್ರದ ತಿರುಳು ಇಷ್ಟೇ: ‘ಮಾನ್ಯರೇ, ಜೂನ್ 3ರಂದು ಎಟಿಎಂನಲ್ಲಿ ಹಣ ಬಾರದೆ ನನ್ನ ಖಾತೆಯಿಂದ 10,000 ರೂಪಾಯಿ ಕಡಿತವಾಗಿದೆ. ನಿಗದಿತ ಐದು ದಿನ ಕಳೆದರೂ ವಾಪಸಾಗಿಲ್ಲ. ಈ ಮೊತ್ತವನ್ನೂ, ಇಂದಿನವರೆಗಿನ ಪರಿಹಾರ 1,200 ರೂಪಾಯಿಯನ್ನೂ, ಜಮಾ ಆಗುವವರೆಗೆ ದಿನಕ್ಕೆ 100 ರೂಪಾಯಿಯಂತೆ ಮುಂದಿನದನ್ನೂ ನನ್ನ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ವ್ಯವಹಾರ ಯಶಸ್ವಿಯಾಗಿದೆ ಎಂದು ತಮ್ಮ ದಾಖಲೆ ಹೇಳಿದರೆ, ದಯವಿಟ್ಟು ಎಟಿಎಂ ಲಾಗ್‌ನ ಪ್ರತಿ ಕೊಡಿ.’ ವಿಷಯದ ಸಾಲಿನಲ್ಲಿ ‘ದೂರು’ ಎಂದೇ ಬರೆಯಿರಿ. ‘ವಿಚಾರಣೆ’, ‘ಮನವಿ’ ಬೇಡ. ಖಾತೆ ಸಂಖ್ಯೆಯನ್ನೂ ಎಟಿಎಂ ಇದ್ದ ಸ್ಥಳವನ್ನೂ ಕಾಣಿಸಿ, ಪಿನ್ ಮಾತ್ರ ಎಲ್ಲೂ ಬರೆಯಬೇಡಿ. ಇದರಲ್ಲಿ ಗಡಸು ಶಬ್ದ ಒಂದೂ ಇಲ್ಲ, ಆದರೂ ಬ್ಯಾಂಕಿಗೆ ಜಾರಿಕೊಳ್ಳಲು ದಾರಿಯಿಲ್ಲ. ತಾರೀಖು, ಮೊತ್ತ, ನಿಯಮ ಸೇರಿ ಆ ಬಿಗಿಯನ್ನು ತಂದಿವೆ. ‘ದಯವಿಟ್ಟು’ ಲಾಗ್ ಕೇಳುವಾಗ ಬಂದಿದೆ, ಹಣ ಕೇಳುವಾಗ ಬಂದಿಲ್ಲ ಎಂಬುದನ್ನೂ ಗಮನಿಸಿ. ನಮ್ಮದೇ ಹಣವನ್ನು ದಯೆಯಾಗಿ ಬೇಡಬೇಕಿಲ್ಲ.

ಕೂಗಾಡದೆ ಶಾಖೆಯಲ್ಲಿ ಕೆಲಸವಾಗದು ಎನ್ನುವವರಿದ್ದಾರೆ. ಕೌಂಟರಿನಲ್ಲಿ ಏರಿದ ದನಿಗೆ ಕೆಲವೊಮ್ಮೆ ಫಲ ಸಿಗುತ್ತದೆ, ನಿಜ. ಆದರೆ ಅದಕ್ಕೆ ದಾಖಲೆಯಿಲ್ಲ. ಅದೇ ಸಿಟ್ಟನ್ನು ಕಾಗದಕ್ಕಿಳಿಸಿದರೆ ದಾಖಲೆ ಉಳಿಯುತ್ತದೆ, ಅದೂ ಬ್ಯಾಂಕಿನ ಕೈಗೆ ಸಿಗುವಂತೆ: ನಿಮ್ಮ 10,000 ರೂಪಾಯಿಯ ಮಾತು ಬಿಟ್ಟು ನಿಮ್ಮ ಬೈಗುಳದ ಬಗ್ಗೆ ಉತ್ತರ ಬರೆಯಲು ಅವರಿಗೆ ಅವಕಾಶವಾಗುತ್ತದೆ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದು. ಊರಲ್ಲಿರುವುದು ಒಂದೆರಡು ಶಾಖೆ. ನಾಳೆ ಬೆಳೆ ಸಾಲಕ್ಕೂ ಚಿನ್ನದ ಸಾಲಕ್ಕೂ ಅದೇ ಮ್ಯಾನೇಜರ್ ಮುಂದೆ ಕೂರಬೇಕು. ಬಿಗಿಯಾದ ಪತ್ರ ಸಂಬಂಧ ಕೆಡಿಸದೇ? ಈ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೇ ಪತ್ರದಲ್ಲಿ ಯಾವ ಸಿಬ್ಬಂದಿಯ ಹೆಸರೂ ಬೇಡ, ‘ಬೇಕೆಂದೇ ತಡೆದರು’ ಎಂಬ ಊಹೆಯೂ ಬೇಡ. ಬೇರೆ ಬ್ಯಾಂಕಿನ ಎಟಿಎಂ ಲೆಕ್ಕ ತಾಳೆಯಾಗುವುದು ಶಾಖೆಯ ಮೇಜಿನಲ್ಲಲ್ಲ. ಮ್ಯಾನೇಜರ್ ಮಾಡಬಹುದಾದದ್ದು ದೂರನ್ನು ಮೇಲಕ್ಕೆ ಕಳಿಸುವುದು. ತಾರೀಖು, ಮೊತ್ತ ಸ್ಪಷ್ಟವಾಗಿರುವ ಪತ್ರದಿಂದ ಅವರ ಕೆಲಸವೂ ಸುಲಭವಾಗುತ್ತದೆ. ಸಿಬ್ಬಂದಿ ನಿಜಕ್ಕೂ ಅನುಚಿತವಾಗಿ ವರ್ತಿಸಿದ್ದರೆ ಅದು ಬೇರೆಯೇ ದೂರು, ಬೇರೆಯೇ ಹಾಳೆ.

ಕೊನೆಯ ಸಾಲಲ್ಲಿ ‘ಕೋರ್ಟಿಗೆ ಎಳೆಯುತ್ತೇನೆ’ ಎಂದು ಗದರಿಸುವ ಬದಲು, ‘30 ದಿನದೊಳಗೆ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸುತ್ತೇನೆ’ ಎಂದು ಬರೆಯಿರಿ. ಆ 30 ದಿನ ಯೋಜನೆಯಲ್ಲೇ ಇರುವ ಅವಧಿ, ಪತ್ರ ಬ್ಯಾಂಕಿಗೆ ತಲುಪಿದ ದಿನದಿಂದ ಲೆಕ್ಕ. ಆದ್ದರಿಂದ ಎರಡು ಪ್ರತಿ ಒಯ್ದು ಒಂದರ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ ರಸೀದಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ cms.rbi.org.in ತಾಣದಲ್ಲಿ ದೂರು ದಾಖಲಿಸುವಾಗ ಲಗತ್ತಿಸಬೇಕಾದದ್ದು ಆ ಮೊಹರಿನ ಪ್ರತಿಯನ್ನೇ, ಇಲ್ಲವೇ ಪತ್ರದ ಪ್ರತಿಯೊಂದಿಗೆ ಆ ಅಂಚೆ ರಸೀದಿಯನ್ನು.