ಎರಡು ಆಕಳಿನ ಸಾಲ: ಮಾರುಕಟ್ಟೆ ಮತ್ತು ಮರುಪಾವತಿ ಬರೆದ ಲೆಕ್ಕ

ಅಮ್ಮಿಗೆ ಎರಡು ಮಿಶ್ರತಳಿ ಆಕಳು ಕೊಳ್ಳುವ ಆಸೆ. ಅಬ್ಬಾ ಗೌಂಡಿ ಕೆಲಸ ಮಾಡುತ್ತಾರೆ, ಮಳೆಗಾಲದಲ್ಲಿ ಕೆಲಸ ಸಿಗುವುದಿಲ್ಲ. ಬ್ಯಾಂಕಿನಲ್ಲಿ ಸಾಲ ಕೇಳಲು ಯೋಜನಾ ವರದಿ ಬೇಕೆಂದರು. ಮನೆಯಲ್ಲಿ ಕನ್ನಡ ಬರೆಯುವವರಲ್ಲಿ ವಾಣಿಜ್ಯ ಓದುತ್ತಿರುವವಳು ನಾನೊಬ್ಬಳೇ, ಹಾಗಾಗಿ ಕೆಲಸ ನನಗೆ ಬಂತು. ಆಕಳಿನ ಬೆಲೆ, ಕೊಟ್ಟಿಗೆಯ ಖರ್ಚು ಬರೆಯುವುದು ಕಷ್ಟವಾಗಲಿಲ್ಲ. ‘ಮಾರುಕಟ್ಟೆ’ ಮತ್ತು ‘ಮರುಪಾವತಿ’ ಎಂಬ ಎರಡು ಭಾಗಗಳಲ್ಲಿ ಮಾತ್ರ ನಾನು ಪೂರ್ತಿ ತಪ್ಪಿದೆ. ನಮ್ಮ ಚಿಕ್ಕೋಡಿ, ರಾಯಬಾಗ ಕಡೆಯ ಬಹಳ ಮನೆಗಳಲ್ಲಿ ಇಂಥ ಅರ್ಜಿ ಬರೆಯುವ ಪ್ರಸಂಗ ಬರುತ್ತದೆ. ಆದ್ದರಿಂದ ತಪ್ಪಿದ್ದನ್ನೂ ತಿದ್ದಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮಾರುಕಟ್ಟೆ ಭಾಗದಲ್ಲಿ ನಾನು ಮೊದಲು ಬರೆದದ್ದು ಹೀಗಿತ್ತು: ‘ಹಾಲಿಗೆ ಎಲ್ಲ ಕಾಲದಲ್ಲಿಯೂ ಬೇಡಿಕೆ ಇದೆ. ರಂಜಾನ್ ಮತ್ತು ಈದ್ ಸಮಯದಲ್ಲಿ ಶೀರ್ ಖುರ್ಮಾಕ್ಕಾಗಿ ಬೇಡಿಕೆ ಇನ್ನೂ ಹೆಚ್ಚುತ್ತದೆ.’ ಮ್ಯಾನೇಜರ್ ಸಾಹೇಬರು ಓದಿ ನಕ್ಕರು. “ಬೇಡಿಕಿ ಐತಿ ಅಂತ ನನಗೂ ಗೊತ್ತೈತಿ ತಂಗಿ. ನಿಮ್ಮ ಮನಿ ಹಾಲು ನಾಳೆ ಮುಂಜಾನೆ ಯಾರು ತಗೋತಾರ, ಯಾವ ದರಕ್ಕ ತಗೋತಾರ, ರೊಕ್ಕ ಯಾವಾಗ ಕೊಡ್ತಾರ? ಅದನ್ನ ಬರಿ,” ಎಂದರು.

ಆಗ ತಿಳಿಯಿತು: ಬ್ಯಾಂಕಿಗೆ ಬೇಕಾದದ್ದು ಊರಿನ ಮಾರುಕಟ್ಟೆಯಲ್ಲ, ನಮ್ಮ ಗಿರಾಕಿ. ನಮಗೆ ಮೂರು ಗಿರಾಕಿಗಳಿದ್ದರು. ಒಂದು, ಊರಿನ ಹಾಲು ಉತ್ಪಾದಕರ ಸಹಕಾರ ಸಂಘ. ಅದು ಬೆಳಗಾವಿ ಹಾಲು ಒಕ್ಕೂಟಕ್ಕೆ, ಅಂದರೆ ನಂದಿನಿಗೆ ಹಾಲು ಕೊಡುತ್ತದೆ. ಎರಡು, ಗಡಿಯಾಚೆಯ ಡೇರಿಗಳಿಗೆ ಹಾಲು ಒಯ್ಯುವ ಗಾಡಿಯವರು. ನಿಪ್ಪಾಣಿ, ಕಾಗವಾಡ ಕಡೆ ಕೊಲ್ಲಾಪುರದ ಗೋಕುಳದ ಹೆಸರು ನಂದಿನಿಯಷ್ಟೇ ಪರಿಚಿತ. ಮೂರು, ಪೇಟೆಯ ಹೋಟೆಲು ಮತ್ತು ಮನೆಗಳು.

ಹೋಟೆಲಿನವರು ಲೀಟರಿಗೆ ಹೆಚ್ಚು ಕೊಡುತ್ತಾರೆ, ಆದರೆ ಉದರಿ. ಗಾಡಿಯವರು ಹೇಳಿದ ದರವೂ ಸಂಘಕ್ಕಿಂತ ಎರಡು ರೂಪಾಯಿ ಮೇಲಿತ್ತು. ಸಂಘದ ದರ ಕಡಿಮೆ, ಆದರೆ ದಿನಕ್ಕೆ ಎರಡು ಹೊತ್ತು ಹಾಲು ಅಳೆಯುತ್ತಾರೆ, ಹದಿನೈದು ದಿನಕ್ಕೊಮ್ಮೆ ಖಾತೆಗೆ ಹಣ ಹಾಕುತ್ತಾರೆ. ಇನ್ನೊಂದು ವಿಷಯವೂ ಇದೆ. ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುವುದು ಸಹಕಾರ ಸಂಘಕ್ಕೆ ಹಾಲು ಹಾಕಿದವರಿಗೆ ಮಾತ್ರ. ಅದನ್ನು ಕೂಡಿಸಿ ನೋಡಿದರೆ ಗಾಡಿಯವರ ಎರಡು ರೂಪಾಯಿ ಲಾಭವಾಗಿ ಉಳಿಯುವುದಿಲ್ಲ.

ದರವನ್ನು ಕೇಳಿ ಬರೆಯಬಾರದು, ಚೀಟಿ ನೋಡಿ ಬರೆಯಬೇಕು. ಸಂಘದಲ್ಲಿ ಫಲಕದ ಮೇಲಿರುವ ದರ ಒಂದು ನಿರ್ದಿಷ್ಟ ಗುಣಮಟ್ಟದ ಹಾಲಿಗೆ ಮಾತ್ರ. ಆಕಳ ಹಾಲಿಗೆ ಸಾಮಾನ್ಯವಾಗಿ ಶೇ. 3.5 ಕೊಬ್ಬು ಮತ್ತು ಶೇ. 8.5 ಕೊಬ್ಬೇತರ ಘನಾಂಶವನ್ನು ಆಧಾರವಾಗಿ ಹಿಡಿಯುತ್ತಾರೆ. ಹಾಲು ತೆಳುವಾದರೆ ಕೈಗೆ ಬರುವ ದರ ಫಲಕಕ್ಕಿಂತ ಕಡಿಮೆ. ಪಕ್ಕದ ಮನೆಯ ಚಾಚಿ ಅಂಥದೇ ಎರಡು ಆಕಳು ಸಾಕಿದ್ದಾರೆ. ಅವರ ಒಂದು ವರ್ಷದ ಚೀಟಿಗಳನ್ನು ಕೇಳಿ ತಂದು, ಸಿಕ್ಕ ಒಟ್ಟು ಹಣವನ್ನು ಒಟ್ಟು ಲೀಟರಿನಿಂದ ಭಾಗಿಸಿದೆ. 33 ರೂಪಾಯಿ ಬಂತು. ಆ ಸಂಖ್ಯೆಯನ್ನೇ ವರದಿಗೆ ಹಾಕಿ, ಚೀಟಿಗಳ ಪ್ರತಿಗಳನ್ನು ಜೊತೆಗೆ ಲಗತ್ತಿಸಿದೆ. ಈದ್ ಬೇಡಿಕೆಯ ಸಾಲನ್ನು ಹೊಡೆದುಹಾಕಿದೆ. ಒಂದು ವಾರದ ಬೇಡಿಕೆ ತಿಂಗಳ ಕಂತು ಕಟ್ಟುವುದಿಲ್ಲ.

ಮಾರುಕಟ್ಟೆ ಭಾಗದ ಕೊನೆಗೆ ಇನ್ನೊಂದು ಸಾಲು ಸೇರಿಸಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು, ರಸ್ತೆಗಳು ಮುಚ್ಚಿದವು. ರಸ್ತೆ ಕಡಿದ ದಿನ ಹಾಲು ಎಲ್ಲಿಗೆ, ಆಕಳು ಎಲ್ಲಿಗೆ ಎಂದು ಈ ಭಾಗದ ಬ್ಯಾಂಕಿನವರು ಕೇಳಿಯೇ ಕೇಳುತ್ತಾರೆ. ನಮ್ಮ ಉತ್ತರ: ಆಕಳು ಎತ್ತರದಲ್ಲಿರುವ ಮಾಮೂರ ಮನೆಗೆ, ಹಾಲು ಆ ಊರಿನ ಸಂಘಕ್ಕೆ.

ಈಗ ಮರುಪಾವತಿಗೆ ಬರೋಣ. ನನ್ನ ಮೊದಲ ಲೆಕ್ಕ ಬಹಳ ಚಂದವಾಗಿತ್ತು. ಒಂದು ಆಕಳು ದಿನಕ್ಕೆ 12 ಲೀಟರ್, ಎರಡಕ್ಕೆ 24. ತಿಂಗಳಿಗೆ 720 ಲೀಟರ್, 33 ರೂಪಾಯಿಯಂತೆ 23,760. ಖರ್ಚು 13,200 ಕಳೆದರೆ ಉಳಿಕೆ 10,560. ಒಟ್ಟು ಯೋಜನೆ 1,80,000, ಅದರಲ್ಲಿ ನಮ್ಮದು 30,000, ಸಾಲ 1,50,000. ನಮಗೆ ಹೇಳಿದ ಬಡ್ಡಿ ಶೇ. 10. ಮೂರು ವರ್ಷಕ್ಕೆ ಹಿಡಿದರೆ ಕಂತು 4,840. ಉಳಿಕೆ ಕಂತಿನ ಎರಡು ಪಟ್ಟಿಗಿಂತ ಹೆಚ್ಚು!

ಈ ಲೆಕ್ಕವನ್ನು ಓದಿ ಹೇಳಿದಾಗ ಅಮ್ಮಿ ಉರ್ದುವಿನಲ್ಲಿ ಒಂದೇ ಪ್ರಶ್ನೆ ಕೇಳಿದರು: “ವರ್ಷಪೂರ್ತಿ ಹಾಲು ಕೊಡುವ ಆಕಳನ್ನು ನೀನು ಎಲ್ಲಿ ನೋಡಿದೆ ಬೇಟಾ?”

ಅಲ್ಲಿಯೇ ಇತ್ತು ತಪ್ಪು. ಅಂಗಡಿಯ ಲೆಕ್ಕಕ್ಕೆ ತಿಂಗಳು ಆಧಾರವಾದರೆ ಆಕಳಿನ ಲೆಕ್ಕಕ್ಕೆ ಸೂಲು ಆಧಾರ. ಕರು ಹಾಕಿದ ಮೇಲೆ ಸುಮಾರು ಹತ್ತು ತಿಂಗಳು ಹಾಲು, ಮತ್ತೆ ಕರು ಹಾಕುವವರೆಗೆ ಬತ್ತಿದ ಕಾಲ. ಅಮ್ಮಿ ಮತ್ತು ಚಾಚಿ ಕೂತು ಹೇಳಿದ್ದನ್ನು ನಾನು 13 ತಿಂಗಳ ಸುತ್ತಾಗಿ ಬರೆದೆ. ಮನೆಗೆ, ಕರುವಿಗೆ ಬಿಟ್ಟು ಮಾರಲು ಉಳಿಯುವ ಹಾಲು ಮೊದಲ ಮೂರು ತಿಂಗಳು ದಿನಕ್ಕೆ 12 ಲೀಟರ್, ನಂತರ ನಾಲ್ಕು ತಿಂಗಳು 9, ಕೊನೆಯ ಮೂರು ತಿಂಗಳು 6, ಆಮೇಲೆ ಮೂರು ತಿಂಗಳು ಏನೂ ಇಲ್ಲ.

ಹಾಲು ಕಡಿಮೆಯಾದರೆ ಹಿಂಡಿಯೂ ಕಡಿಮೆಯಾಗುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಅಲ್ಲ. ಆಕಳ ದೇಹಕ್ಕೆ ದಿನಕ್ಕೆ ಒಂದೂವರೆ ಕಿಲೋ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಎಂದು ಹಿಡಿದೆವು. ಕಿಲೋಗೆ 28 ರೂಪಾಯಿ. ಕಣಕಿ, ಹಸಿ ಮೇವು, ಔಷಧಿಗೆ ತಿಂಗಳಿಗೆ 1,300. ಕಬ್ಬು ಕಟಾವಿನ ಕಾಲದಲ್ಲಿ ಕಬ್ಬಿನ ಸೋಗೆ ಅಗ್ಗವಾಗಿ ಸಿಗುತ್ತದೆ, ಬೇಸಿಗೆಯಲ್ಲಿ ಮೇವು ಕೊಳ್ಳಬೇಕು. 1,300 ಇವೆರಡರ ಸರಾಸರಿ. ಹೀಗೆ ಒಂದು ಆಕಳಿನಿಂದ ತಿಂಗಳಿಗೆ ಉಳಿಯುವುದು ಮೊದಲ ಹಂತದಲ್ಲಿ 5,280, ಎರಡನೆಯದರಲ್ಲಿ 3,310, ಮೂರನೆಯದರಲ್ಲಿ 1,340. ಬತ್ತಿದ ತಿಂಗಳಲ್ಲಿ ಹಾಲಿಲ್ಲದಿದ್ದರೂ ಹೊಟ್ಟೆಗೆ ಹಾಕಬೇಕು, ಹೊಟ್ಟೆಯಲ್ಲಿರುವ ಕರುವಿಗೂ ಬೇಕು. ಆಗ 3,000 ಕೈಯಿಂದ ಹೋಗುತ್ತದೆ.

13 ತಿಂಗಳನ್ನು ಕೂಡಿಸಿದರೆ ಒಂದು ಆಕಳಿನ ಉಳಿಕೆ 24,100. ಎರಡಕ್ಕೆ 48,200. ತಿಂಗಳ ಸರಾಸರಿ ಸುಮಾರು 3,700. ನನ್ನ 10,560 ಎಲ್ಲಿ, ಇದು ಎಲ್ಲಿ! 4,840ರ ಕಂತನ್ನು ಈ ಆಕಳುಗಳು ಕಟ್ಟಲಾರವು. ಹಾಗೆಯೇ ಸಾಲ ಮಂಜೂರಾಗಿದ್ದರೆ ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಿದ್ದು, ಎಂಟನೇ ತಿಂಗಳಿನಿಂದ ಕಂತು ತಪ್ಪುತ್ತಿತ್ತು.

ಮ್ಯಾನೇಜರ್ ಹೇಳಿದ ಅಳತೆ ಸರಳ: ಉಳಿಕೆಯನ್ನು ಕಂತಿನಿಂದ ಭಾಗಿಸಿದಾಗ ಕನಿಷ್ಠ ಒಂದೂವರೆ ಬರಬೇಕು. ನಾವು ತರಗತಿಯಲ್ಲಿ ಓದುವ ಸಾಲ ಸೇವಾ ಅನುಪಾತ ಇದೇ. ಅವಧಿಯನ್ನು ಐದು ವರ್ಷಕ್ಕೆ ಏರಿಸಿದೆ. ಕಂತು 3,187ಕ್ಕೆ ಇಳಿಯಿತು, ಅನುಪಾತ ಕೇವಲ 1.16. ಹಾಗಾದರೆ ಸಾಲವನ್ನೇ ಇಳಿಸಬೇಕು. ಕೊಟ್ಟಿಗೆಯ ನೆಲ, ಗೋದಲಿಯನ್ನು ಅಬ್ಬಾ ತಾವೇ ಕಟ್ಟುವುದಾಗಿ ಹೇಳಿದರು, 15,000 ಉಳಿಯಿತು. ಬಕ್ರೀದಿಗೆಂದು ಸಾಕಿದ್ದ ಎರಡು ಹೋತ ಮಾರಿದ್ದರಿಂದ 20,000 ಬಂತು. ಸಾಲ 1,15,000 ಆಯಿತು. ಕಾಲೇಜಿನ ಕಂಪ್ಯೂಟರಿನಲ್ಲಿ ಕಂತನ್ನು ಹೀಗೆ ತೆಗೆದೆ:

```
=PMT(10%/12,60,-115000)
```

ಬಂದದ್ದು 2,443. ಅನುಪಾತ 1.52.

ಇಷ್ಟಾದರೂ ಕೆಲಸ ಮುಗಿಯಲಿಲ್ಲ, ಯಾಕೆಂದರೆ ಸರಾಸರಿ ಕಂತು ಕಟ್ಟುವುದಿಲ್ಲ, ಆಯಾ ತಿಂಗಳ ಹಣ ಕಟ್ಟುತ್ತದೆ. ಎರಡೂ ಆಕಳನ್ನು ಒಂದೇ ಸಲ ತಂದರೆ ಎರಡೂ ಒಂದೇ ಸಲ ಬತ್ತುತ್ತವೆ. ಆ ಮೂರು ತಿಂಗಳು ಮೇವಿಗೆ 6,000, ಕಂತಿಗೆ 2,443. ಒಟ್ಟು 25,000ಕ್ಕೂ ಹೆಚ್ಚು ಹಣ ಬೇರೆ ಕಡೆಯಿಂದ ಬರಬೇಕು. ಎರಡನೆಯ ಆಕಳನ್ನು ಏಳನೇ ತಿಂಗಳಿಗೆ ತಂದರೆ ಒಂದು ಬತ್ತಿದಾಗ ಇನ್ನೊಂದು ಹಾಲಿನಲ್ಲಿರುತ್ತದೆ. ಆಗ ಕೆಟ್ಟ ತಿಂಗಳಲ್ಲಿಯೂ ಖರ್ಚು ಹೋಗಿ 310 ಉಳಿಯುತ್ತದೆ. ಮೂರು ತಿಂಗಳ ಕಂತಿಗೆ ಕೊರತೆ ಸುಮಾರು 6,400. ಅದಕ್ಕೆ ಮುಂಚಿನ ಮೂರು ತಿಂಗಳಲ್ಲಿ ಕಂತು ಕಟ್ಟಿದ ಮೇಲೂ 10,500 ಉಳಿದಿರುತ್ತದೆ, ಅದನ್ನು ಮುಟ್ಟದಿದ್ದರೆ ಸಾಕು. ಅದೇ ಆಕಳು, ಅದೇ ಹಾಲು, ಅದೇ ಸರಾಸರಿ. ಬದಲಾದದ್ದು ಕೊಳ್ಳುವ ತಿಂಗಳು ಮಾತ್ರ. ಹಾಗಾಗಿ ಸಾಲವನ್ನು ಎರಡು ಹಂತದಲ್ಲಿ ಬಿಡುಗಡೆ ಮಾಡಬೇಕೆಂದು ವರದಿಯಲ್ಲಿಯೇ ಕೇಳಿದೆವು.

ಪ್ರೋತ್ಸಾಹಧನವನ್ನು ಈ ಲೆಕ್ಕದಲ್ಲಿ ಸೇರಿಸಲಿಲ್ಲ. 13 ತಿಂಗಳಿಗೆ ಎರಡೂ ಆಕಳಿನಿಂದ ಅದು 27,000 ಆಗುತ್ತದೆ, ಸಣ್ಣ ಮೊತ್ತವಲ್ಲ. ಆದರೆ ಅದು ಹಾಲಿನ ಬಿಲ್ಲಿನ ಜೊತೆ ಬರುವುದಿಲ್ಲ, ಸರ್ಕಾರದಿಂದ ಬೇರೆಯಾಗಿ ಬರುತ್ತದೆ, ತಡವೂ ಆಗುತ್ತದೆ. ಕಂತಿನ ದಿನಾಂಕ ತಡವಾಗುವುದಿಲ್ಲ. ಅದನ್ನು ಕೆಳಗೆ ಬೇರೆ ಸಾಲಿನಲ್ಲಿ ‘ಮೀಸಲು’ ಎಂದು ತೋರಿಸಿದೆ.

ಮೀಸಲು ಯಾಕೆ ಬೇಕೆಂದರೆ, ಆಕಳು ಬೆದೆಗೆ ಬಂದದ್ದನ್ನು ಗಮನಿಸದಿದ್ದರೆ ಮುಂದಿನ ಸರದಿಗೆ 21 ದಿನ ಕಾಯಬೇಕು. ಸೂಲಿನ ಸುತ್ತು 13ರ ಬದಲು 14 ತಿಂಗಳಾದರೆ, ಹೆಚ್ಚಾದ ಆ ಒಂದು ತಿಂಗಳು ಬತ್ತಿದ ತಿಂಗಳು. ಆಗ ಅನುಪಾತ 1.52ರಿಂದ 1.23ಕ್ಕೆ ಇಳಿಯುತ್ತದೆ. ಇದನ್ನೂ ಮುಚ್ಚಿಡದೆ ಬರೆದೆ. ಆಕಳು ಸತ್ತರೆ ವಿಮೆ ಇದೆ, ಆದರೆ ಕಿವಿಯ ಓಲೆಯ ಸಂಖ್ಯೆ ಹೊಂದಬೇಕು. ಓಲೆ ಕಳಚಿ ಬಿದ್ದರೆ ಕೂಡಲೇ ತಿಳಿಸಬೇಕೆಂದು ಅಮ್ಮಿಗೆ ಹೇಳಿಟ್ಟಿದ್ದೇನೆ.

ಎರಡನೇ ಸಲ ಓದಿದ ಮ್ಯಾನೇಜರ್ ಅರ್ಜಿಯನ್ನು ಇಟ್ಟುಕೊಂಡರು. “ಎರಡನೇ ಸೂಲಿನ ಆಕಳ ನೋಡ್ರಿ, ಮುದುಕಿ ಆಗೋದ್ರಾಗ ಸಾಲ ತೀರಬೇಕು,” ಎಂದು ಅಮ್ಮಿಗೆ ಹೇಳಿದರು.

ಕಂತು ಕಟ್ಟಿದ ಮೇಲೆ ತಿಂಗಳಿಗೆ ಸರಾಸರಿ ಉಳಿಯುವುದು ಸುಮಾರು 1,265 ರೂಪಾಯಿ. ಮುಂಜಾನೆ ಐದಕ್ಕೆ ಎದ್ದು ಎರಡು ಹೊತ್ತು ಹಿಂಡುವ ಅಮ್ಮಿಯ ಕೂಲಿಗೆ ನನ್ನ ಖರ್ಚಿನ ಪಟ್ಟಿಯಲ್ಲಿ ಸಾಲೇ ಇಲ್ಲ. ಅದನ್ನು ಅವರಿಗೆ ತೋರಿಸಿದೆ, ನೋಡಿ ಒಪ್ಪಬೇಕಾದವರು ಅವರೇ. ಅಮ್ಮಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆಗೆ ಹಾಲು, ಐದು ವರ್ಷದ ಮೇಲೆ ಆಕಳು, ಕರುಗಳು ನಮ್ಮವು. ಪ್ರೋತ್ಸಾಹಧನ ಬಂದರೆ ಅದು ನನ್ನದು,” ಎಂದು ಸಹಿ ಮಾಡಿದರು.